ಕೆರಿಯಿಂದ ತೆಗೆದ ಅಂತರಗಂಗಿ ಏನ ಮಾಡೋದು? ಮಾಡಿದವರು ಅನುಭವ ಹೇಳ್ರಿ

ಕೇಳಿದವರು: ಸಂಘದ ಅಕ್ಕ, ಬಾಗಲಕೋಟೆ ಜಿಲ್ಲಾ
ನಮ್ಮೂರ ಕೆರಿ ತುಂಬ ಅಂತರಗಂಗಿ ಹಬ್ಬೇತ್ರಿ. ಪಂಚಾಯ್ತಿಯವರು ಜೆಸಿಬಿ ಹಚ್ಚಿ ತಗದು ದಂಡಿಗೆ ಒಟ್ಟತೀವಿ ಅಂದಾರ. ನಮ್ಮ ಸಂಘದಾಗ ಹನ್ನೆರಡು ಮಂದಿ ಹೆಣ್ಮಕ್ಕಳು ಅದೇವಿ. ಗೊಬ್ಬರ ಮಾಡಬೇಕೋ, ಬುಟ್ಟಿ ಹೆಣೀಬೇಕೋ, ಕಾಗದಾನೂ ಮಾಡತಾರಂತ, ಅದೋ? ಖರ್ಚು ಎಷ್ಟ ಬರತೈತಿ, ಮಾಡಿದವರು ಹೇಳ್ರಿ.

ಮುಧೋಳ ಕಬ್ಬಿನವ
ಗೊಬ್ಬರಾನ ಮಾಡ್ರಿ ಅಕ್ಕಾರ. ನಾವು ಮಾಡೇವಿ, ಈಗೂ ಮಾಡತೇವಿ. ಮೊದಲ ಟ್ರಾಲಿ ಲೆಕ್ಕ ಹೇಳತೀನಿ, ಯಾಕಂದ್ರ ರೊಕ್ಕ ಹೋಗೋದು ಅಲ್ಲೇ. ಈ ಗಿಡದಾಗ 100 ಕೆಜಿಗೆ 94-95 ಕೆಜಿ ಬರೇ ನೀರು. ಒಂದು ಟ್ರಾಲಿ ಹಸೀದು 2 ಟನ್ ಅಂತ ಹಿಡೀರಿ, ಅದರಾಗ ಒಣಾ ಮಾಲು 100-120 ಕೆಜಿ ಅಷ್ಟ. ಅದೂ ಕೊಳೀವಾಗ ಅರ್ಧಕ್ಕರ್ಧ ಹೋಗತೈತಿ. ಕಡೀಕೆ ಕೈಗೆ ಬರೋದು ಹಸಿ ಆರದ ಗೊಬ್ಬರ ಅಂದ್ರೂ 50 ಕೆಜಿದು ಎರಡು ಚೀಲ. ನಮ್ಮ ಕಡೆ ಖೇಪಿಗೆ 1,500 ತಗೊಂಡ್ರು, ಅಂದ್ರ ಚೀಲಕ್ಕ 750 ರೂಪಾಯಿ ಬರೇ ನೀರು ಹೊತ್ತಿದ್ದಕ್ಕ ಹೋತು, ಇನ್ನ ಆಳಿನ ಪಗಾರ ಬ್ಯಾರೆ.

ಅದಕ್ಕ ಏನ ಮಾಡಬೇಕಂದ್ರ, ದಂಡಿ ಮ್ಯಾಲೆ ಇಳಿಜಾರ ಇದ್ದಲ್ಲೆ ತೆಳ್ಳಗ ಹರವಿ ನಾಲ್ಕೈದು ದಿನ ಬಿಸಲಾಗ ಬಿಡಬೇಕು. ತೂಕ ಅರ್ಧಕ್ಕಿಂತ ಕಡಿಮಿ ಆಗತೈತಿ, ಬಾಡಿ ಮೆತ್ತಗಾಗಿ ಟ್ರಾಲ್ಯಾಗ ಹೆಚ್ಚ ಹಿಡೀತೈತಿ, ಆಮ್ಯಾಲೆ ಗಾಡಿ ಕರಸ್ರಿ. ಆದ್ರ ಜೆಸಿಬಿಯವ ಗುಡ್ಡಿ ಒಟ್ಟಿ ಹೋಗಿಬಿಡತಾನ. ಗುಡ್ಡಿ ಒಳಗ ಹಸೀನ ಇರತೈತಿ, ಒಂದು ಮಳಿ ಬಿತ್ತಂದ್ರ ಅಲ್ಲಿಂದನ ಮತ್ತ ಚಿಗೀತೈತಿ, ಉರುಳಿ ಕೆರಿಗೆ ಹೋತಂದ್ರ ಮೊದಲಿಂದ ಶುರು. ಹರವೋ ಆಳಿನ ಖರ್ಚು ಯಾರದು ಅಂತ ಪಂಚಾಯ್ತ್ಯಾಗ ಮೊದಲ ಬರಸ್ಕೊರ್ರಿ. ನಮಗ ಯಾರೂ ಬರದು ಕೊಡಲಿಲ್ಲ, ಬಿಲ್ ಇನ್ನೂ ಓಡ್ಯಾಡಾಕತ್ತೇತಿ.

ಬರೇ ಇದನ್ನ ಒಟ್ಟಿದ್ರ ತಿಪ್ಪಿ ಆಗಂಗಿಲ್ಲ. ಕುಸದು ಕೆಸರಾಗಿ ಗಾಳಿ ಆಡಂಗಿಲ್ಲ, ಗಟಾರ ನಾತ ಹೊಡೀತೈತಿ. ಬಾಡಿದ ಕಳೆ ಎರಡು ಬುಟ್ಟಿಗೆ ಕಬ್ಬಿನ ರವದಿ ಒಂದು ಬುಟ್ಟಿ, ನಡುನಡುವ ಹೆಂಡಿ ರಾಡಿ. ರವದಿ ಉದ್ದಂದು ಹಾಕಬ್ಯಾಡ್ರಿ, ಪದರ ಕೂತು ನೀರು ಗಾಳಿ ಎರಡೂ ತಡೀತೈತಿ, ಮೇವು ಕತ್ತರಿಸೋ ಮಷಿನ್‌ಗೆ ಹಾಕಿ ಗೇಣಿಗಿಂತ ಸಣ್ಣ ಮಾಡ್ರಿ. ತಿಪ್ಪಿ ಎದಿಮಟ್ಟ ಎತ್ತರ, ಐದು ಫೂಟ ಅಗಲ ಇರಲಿ, ಸಣ್ಣದಾದ್ರ ಕಾವು ಹಿಡಿಯಂಗಿಲ್ಲ. ಕಬ್ಬಣ ಸಳಿ ಹೊಟ್ಟಿತನಕ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಗೀರಿ, ಕೈಯಾಗ ಹಿಡ್ಯಾಕ ಆಗಬಾರ್ದು. 55-60 ಡಿಗ್ರಿ ಕಾವು ಕೆಲವು ದಿನ ನಿಲ್ಲಬೇಕು, ಆಮ್ಯಾಲೆ ಹೊರಗಿಂದು ಒಳಗ ಹೋಗಂಗ ತಿರಿವಿ ಹಾಕಬೇಕು, ಮತ್ತ ಕಾವು ಏರಬೇಕು. ಇದನ್ನ ಬಿಟ್ಟು ಅರೆಬೆಂದದ್ದು ಹೊಲಕ್ಕ ಹಾಕಿದ್ರ ಬೀಜ ಜೀವಂತ ಇರತಾವು. ನೇರಳೆ ಹೂ ಆದ ಗಿಡದ ಬೀಜ ಕೆಸರಾಗ 15-20 ವರ್ಷ ಸಾಯಂಗಿಲ್ಲ. ನಮ್ಮ ಬಾಜೂ ಹೊಲದವರು ಹಂಗ ಹಾಕಿ ಈಗ ಬಸಿಗಾಲುವ್ಯಾಗ ಅದ ಗಿಡ, ನನ್ನ ಮ್ಯಾಲೆ ತಕರಾರು.

ವಿಜಯಪುರ ಹೊಂಡ
ನೋಡ್ರಿ ಇದಕ್ಕ ಇಷ್ಟ ತ್ರಾಸ ಯಾಕ? ನಮ್ಮ ಹೊಂಡದಾಗ ನಾವ ಬೆಳಸೀವಿ, ಎಮ್ಮಿಗೆ ದಿನಾ ಒಂದೆರಡು ಕೆಜಿ ಹಿಂಡಿ ಜೋಡಿ ಕಲಸಿ ಹಾಕ್ತೀವಿ, ಹಾಲು ಚೊಲೊ ಅದ. ಶೀಟ್ ಹಾಸೋದು, ಸೋಸಿದ ಮಣ್ಣು, ಹೆಂಡಿ, ಸ್ವಲ್ಪ ಸೂಪರ್ ಫಾಸ್ಫೇಟ್, ಮುಗೀತು. ಬಿಸಲ ಹೆಚ್ಚಾದ್ರ ಕೆಂಪಗಾಗತದ, ಮ್ಯಾಲೆ ನೆರಳಿನ ಜಾಳಗಿ ಕಟ್ರಿ. ಶೀಟ್ ತೂತು ಬಿದ್ದು ನಮಗ ಎರಡನೇ ಸಲ 2,800 ಖರ್ಚಾತು, ಅದೊಂದ ಬ್ಯಾಸರ.

ಮುಧೋಳ ಕಬ್ಬಿನವ
ಅಣ್ಣಾರ ನೀವು ಹೇಳೋದು ಅಜೋಲ್ಲಾ. ಅಕ್ಕಾರು ಕೇಳಿದ್ದು ಕೆರ್‍ಯಾಗಿನ ಅಂತರಗಂಗಿ.

ವಿಜಯಪುರ ಹೊಂಡ
ಎರಡೂ ನೀರ ಮ್ಯಾಲೆ ತೇಲೋದಽ ಅಲ್ರೀ. ಅಂತರಗಂಗಿನೂ ದನ ತಿಂತಾವ, ನಾ ಕಣ್ಣಿಲೆ ನೋಡೀನಿ.

ಮುಧೋಳ ಕಬ್ಬಿನವ
ತಿಂತಾವು, ಬ್ಯಾರೆ ಮೇವು ಇಲ್ಲಂದ್ರ. ಬರೇ ನೀರು ಅದು, ಹೊಟ್ಟಿ ತುಂಬತೈತಿ, ಹೆಂಡಿ ತೆಳ್ಳಗಾಗತೈತಿ, ಮೈ ಹಿಡಿಯಂಗಿಲ್ಲ. ಊರ ಗಟಾರ ಸೇರೋ ಕೆರೀದು ಅಂತೂ ಹಾಕಲೇಬಾರ್ದು.

ಬೆಳಗಾವಿ ಬುಟ್ಟಿ ಅಕ್ಕ
ಎಲ್ಲಾರೂ ಗೊಬ್ಬರ ಗೊಬ್ಬರ ಅಂದ್ರ ಹ್ಯಾಂಗ? ಎರಡು ಚೀಲಕ್ಕ ಎರಡು ಟನ್ ಎತ್ತೋದು ನೀವ ಹೇಳಾಕತ್ತೀರಿ. ಅಂತರಗಂಗಿಗೆ ನಮ್ಮ ಕಡೆ ಜಲಪರ್ಣಿ ಅಂತಾರ, ನಾವು ಇಲ್ಲೆ ಅದರ ದಂಟಿನಿಂದ ಬುಟ್ಟಿ, ಚಾಪಿ, ಕೈಚೀಲ ಮಾಡತೇವಿ, ಒಂದು ಕೈಚೀಲ 650ಕ್ಕ ಕೊಟ್ಟೇವಿ. ಆದ್ರ ಯಾವ ದಂಟು ಆದ್ರೂ ನಡೀತೈತಿ ಅನ್ಕೋಬ್ಯಾಡ್ರಿ. ಎರಡು ಫೂಟಿಗಿಂತ ಉದ್ದ ಇರಬೇಕು, ಅದು ಸಿಗೋದು ಗಿಡ ಒತ್ತೊತ್ತಾಗಿ ಬೆಳೆದಲ್ಲೆ ಮಾತ್ರ. ಬಯಲು ನೀರಾಗ ಬಿಡಿಬಿಡಿ ಇದ್ದ ಗಿಡದ ದಂಟು ಗಿಡ್ಡ, ಬುಡದಾಗ ಉಬ್ಬಿ ಗಡ್ಡಿ ಆಗಿರತೈತಿ, ಒಣಗಿದ್ರ ಚುರುಟಿ ಹೋಗತೈತಿ, ಯಾಕೂ ಬರಂಗಿಲ್ಲ. ಇನ್ನ ಜೆಸಿಬಿ ಹಲ್ಲಿನಾಗ ಸಿಕ್ಕದ್ದು ಪೂರಾ ಜಜ್ಜಿ ಹೋಗಿರತೈತಿ. ದಂಟು ಬೇಕಂದ್ರ ಜೆಸಿಬಿ ಬರೋಕಿಂತ ಮೊದಲ ಕೈಲೆ ಕೊಯ್ಯಬೇಕು, ಬುಡ ಬಿಟ್ಟು ಎಲಿ ತಗದು, ಅಲ್ಲೇ ತೊಳದು.

10 ಕೆಜಿ ಹಸಿ ದಂಟು ಒಣಗಿದ್ರ ಕೆಜಿನೂ ಬರಂಗಿಲ್ಲ. ಬಿಸಲಾಗ ಒಂದು ವಾರ, ಕಟ್ಟಿಗಿ ಅಟ್ಟಣಿಗಿ ಮ್ಯಾಲೆ, ನೆಲದ ಮ್ಯಾಲೆ ಅಲ್ಲ, ದಿನಾ ತಿರಿವಿ. ರಾತ್ರಿ ಇಬ್ಬನಿ ಬಿತ್ತಂದ್ರ ಕರಿ ಚುಕ್ಕಿ ಬಂತು ಅಂತನ ತಿಳ್ಕೊರ್ರಿ. ನಮ್ಮ ಬೆಳಗಾವಿ ಮಳಿ ನಿಮಗೆಲ್ಲಾ ಗೊತ್ತೈತಿ, ಜೂನ್‌ದಿಂದ ಸೆಪ್ಟೆಂಬರ್ ಅಂದ್ರ ಒಣಗಿದ್ದೂ ಮತ್ತ ಹಸಿ ಹಿಡೀತೈತಿ. ಒಂದು ಮಳಿಗಾಲದಾಗ ನಮ್ಮ ಮಾಲು ಇಟ್ಟ ಕೋಣಿ ಪೂರಾ ಬೂಸು ಹಿಡದು, ಆರ್ಡರ್ ಕೊಟ್ಟ ಅಂಗಡಿಯವರು ಮಾಲು ವಾಪಸ್ ಹಾಕಿದ್ರು, 18,000 ನೀರಾಗ ಹೋಮ. ಈಗ ಗಂಧಕದ ಹೊಗಿ ಕೊಟ್ಟು, ಒಣಗಿಸಿ, ಮುಗಿದ ಮ್ಯಾಲೆ ವಾರ್ನಿಷ್ ಹಚ್ಚತೇವಿ. ಹೊಗಿ ಕೋಣಿ ಮನಿಯಿಂದ ದೂರ ಇರಬೇಕು, ಗಂಟಲಾ ಹಿಡೀತೈತಿ. ಪೂರಾ ಒಣಗಿದ ದಂಟು ಹೆಣಿಯಾಕ ಹೋದ್ರ ಮುರೀತೈತಿ, ಹಸಿ ಅರಬಿಲೆ ಒರಸಿ ಮೆತ್ತಗ ಮಾಡ್ಕೊಂಡು ಜಡಿ ಹೆಣೀಬೇಕು. ಇದನ್ನ ಕಲಿಯಾಕ ಕೈ ಕೂಡಬೇಕು, ಅದಕ್ಕ ಟೈಮ್ ಹಿಡೀತೈತಿ, ಆದ್ರ ಕಲತ ಹೆಣ್ಮಕ್ಕಳಿಗೆ ಮನಿಯಾಗ ಕೂತು ರೊಕ್ಕ.

ಅಥಣಿ ಸ್ಪ್ರೇ
ಎಲ್ಲಾರೂ ದೊಡ್ಡದ ಮಾಡಾಕತ್ತೀರಿ. ಕಳೆನಾಶಕ ಹೊಡದು ಬಿಡ್ರಿ, ಹತ್ತು ಹದಿನೈದು ದಿನಕ್ಕ ಸತ್ತು ಒಣಗತೈತಿ, ಒಣಗಿದ್ದ ತಗೀರಿ, ನೀರು ಹೊತ್ತ ಖರ್ಚೂ ಉಳೀತು. ಮ್ಯಾಲೆ ಕೊಳೆಸೋ ದ್ರಾವಣ ಹಾಕಿ ಗೊಬ್ಬರ ಮಾಡ್ರಿ.

ಮುಧೋಳ ಕಬ್ಬಿನವ
ಸಾಯತೈತಿ, ಅದು ಖರೇ. ಆದ್ರ ಸತ್ತದ್ದು ದಂಡಿಗೆ ಬರಂಗಿಲ್ಲ ಮಾರಾಯ್ರ, ತಳಕ್ಕ ಮುಳಗತೈತಿ, ಅಲ್ಲೇ ಕೊಳೀತೈತಿ, ನೀರಾಗಿನ ಆಮ್ಲಜನಕ ಮುಗೀತೈತಿ, ಮೀನು ತೇಲತಾವು. ಕೊಳೆತ ಸತ್ವ ಕೆರ್‍ಯಾಗ ಉಳದು ಮುಂದಿನ ಗಿಡಕ್ಕ ಗೊಬ್ಬರ ಆತು. ಔಷಧ ಹೊಡದದ್ದನ್ನ ತಿಪ್ಪಿಗೆ ಹಾಕಿ ಆ ಗೊಬ್ಬರ ಬದನಿಗೆ ಹಾಕ್ರಿ, ಎಲಿ ಮುರುಟಿದ್ರ ಯಾರ ಕೇಳಾವ್ರು? ದನಾ ಕುಡಿಯೋ ಕೆರಿಗೆ ಔಷಧ ಅಂತೀರಲ್ಲ.

ಅಥಣಿ ಸ್ಪ್ರೇ
ಸ್ವಲ್ಪ ಸ್ವಲ್ಪ ಜಾಗಾ ಹೊಡೀಬೇಕು, ಒಮ್ಮಿಗೆ ಪೂರಾ ಕೆರಿ ಅಂತ ನಾ ಎಲ್ಲಿ ಹೇಳೇನಿ? ಎರಡು ವಾರದಾಗ ದುಪ್ಪಟ್ಟಾಗೋ ಗಿಡಾನ ಕೈಲೆ ತಗದು ತೀರಸ್ತೀರೇನು ನೀವು? ಪ್ರತಿ ವರ್ಷ ತಗೀತೀರಿ, ಪ್ರತಿ ವರ್ಷ ಬರತೈತಿ.

ಗೋಕಾಕ ಕಾಗದ
ಬರತೈತಿ ಯಾಕಂದ್ರ ಗಟಾರ ಬಂದ ಆಗಿಲ್ಲ, ಅದನ್ನ ಬಿಡ್ರಿ. ಕಾಗದದ ಬಗ್ಗೆ ಯಾರೂ ಹೇಳಲಿಲ್ಲ, ನಾ ಹೇಳತೀನಿ, ಆ ದಾರಿ ಹಿಡದವ ನಾನು. ಬರೇ ಅಂತರಗಂಗಿ ಕಾಗದ ಅಂತ ವಿಡಿಯೋದಾಗ ತೋರಸ್ತಾರ, ಕೈಯಾಗ ತಗೊಂಡು ಮಡಚ್ರಿ, ಗೆರಿ ಬಿದ್ದಲ್ಲೆ ಪಟ್ ಅಂತ ಸೀಳತೈತಿ. ಕಾಸ್ಟಿಕ್ ಸೋಡಾ ಹಾಕಿ ಕುದಿಸಿ ತೊಳದ್ರ 100 ಕೆಜಿ ಹಸಿ ಗಿಡಕ್ಕ ಎರಡು ಕೆಜಿ ತಿರುಳೂ ಕೈಗೆ ಬರಂಗಿಲ್ಲ. ಬಂದ ತಿರುಳು ಲೋಳಿ ಲೋಳಿ, ಜಾಳಗಿ ಮ್ಯಾಲೆ ಎತ್ತಿದ್ರ ನೀರು ಬಸಿಯಂಗಿಲ್ಲ, ಒಂದು ಹಾಳಿಗೆ ನಿಂತು ಕಾಯಬೇಕು, ಒಣಗಿದ ಮ್ಯಾಲೆ ಅಂಚು ಸುರುಳಿ ಏಳತೈತಿ. ಟೇಲರ್ ಅಂಗಡಿ ಕಾಟನ್ ಚಿಂದಿ ಅರ್ಧಕ್ಕಿಂತ ಹೆಚ್ಚ ಬೆರಸಿದ್ರ ಮಾತ್ರ ಗಟ್ಟಿ ಹಾಳಿ. ನಮಗ ಚಿಂದಿ ಆರಸಾಕ, ಪಾಲಿಯೆಸ್ಟರ್ ಬ್ಯಾರೆ ಮಾಡಾಕ ಇಬ್ಬರ ಪಗಾರ, ತಿರುಳು ಅರಿಯೋ ಮಷಿನ್ ಸೆಕೆಂಡ್ ಹ್ಯಾಂಡ್ 1,10,000, ಕರಿ ಸೋಡಾ ನೀರು ಹೊರಗ ಬಿಡಾಕ ಬಾಜೂದವರು ಬಿಡಲಿಲ್ಲ, ಅದಕ್ಕ ತೊಟ್ಟಿ ಕಟ್ಟಿಸಿದ್ದು 40,000. ಲಗ್ನಪತ್ರಿಕಿ ಆರ್ಡರ್ ಬಂದ್ವು, ಚೆಂದ ಅಂದ್ರು. ನನಗ ಆ ಹಾಳಿ ಬಗ್ಗೆ ಹೆಮ್ಮಿನ ಐತಿ. ಆದ್ರ ಸಂಘ ಮೊದಲ ಹೆಜ್ಜಿಗೆ ಇದನ್ನ ಹಿಡೀಬಾರ್ದು.

ಬೆಳಗಾವಿ ಬುಟ್ಟಿ ಅಕ್ಕ
ನೋಡಿದ್ರೇನು, ಎಲ್ಲಾಕ್ಕಿಂತ ಕಡಿಮಿ ಬಂಡವಾಳ ಬುಟ್ಟಿಗೆ. ಚಾಕು, ಅಟ್ಟಣಿಗಿ, ಕೈ. ಮುಧೋಳದವರು ಉದ್ದ ದಂಟು ಸಮೇತ ಕತ್ತರಿಸಿ ತಿಪ್ಪಿಗೆ ಹಾಕ್ತಾರಲ್ಲ, ನೋಡಾಕ ಸಂಕಟ ಆಗತೈತಿ.

ಮುಧೋಳ ಕಬ್ಬಿನವ
ಸಂಕಟ ಪಡಬ್ಯಾಡ್ರಿ, ನಿಮಗ ಬೇಕಾದ್ದು ನೂರರಾಗ ಹತ್ತು ಪಾಲು. ಬೇರು, ಎಲಿ, ಗಿಡ್ಡ ದಂಟು ಎಲ್ಲೆ ಹಾಕ್ತೀರಿ? ಕೆರಿ ದಂಡ್ಯಾಗ ಬಿಟ್ಟು ಬರತೀರಿ, ನಾವು ಎತ್ತತೇವಿ.

ಬೆಳಗಾವಿ ಬುಟ್ಟಿ ಅಕ್ಕ
ಬಿಟ್ಟು ಬಂದಿಲ್ಲ ನಾವು. ನಮ್ಮ ಕೆರಿಗೆ ಕಾರ್ಖಾನಿ ನೀರು ಬರತೈತಿ, ಆ ಬೇರು ಗೊಬ್ಬರಕ್ಕ ಬ್ಯಾಡ ಅಂತ ನಾವ ಬ್ಯಾರೆ ಮಾಡಸ್ತೇವಿ. ನೀವು ಬೇರು ಸಮೇತ ಹೊಲಕ್ಕ ಹಾಕಿ ಕಬ್ಬು ಬೆಳೀತೀರಿ, ಪರೀಕ್ಷಾ ಮಾಡಿಸೀರೇನು?

ಮುಧೋಳ ಕಬ್ಬಿನವ
ನಮ್ಮ ಕೆರಿಗೆ ಕಾರ್ಖಾನಿ ಇಲ್ಲ. ಮಣ್ಣು ಪರೀಕ್ಷಾ ಮಾಡಿಸೇವಿ.

ಗೋಕಾಕ ಕಾಗದ
ಮಣ್ಣು ಪರೀಕ್ಷಾದಾಗ ಸಾರಜನಕ, ರಂಜಕ, ಪೊಟ್ಯಾಷ್ ನೋಡತಾರ, ಸೀಸ ಕ್ಯಾಡ್ಮಿಯಂ ನೋಡಂಗಿಲ್ಲ. ಅಕ್ಕಾರು ಹೇಳಿದ್ದು ಖರೇ, ಈ ಗಿಡ ನೀರಾಗಿನ ಲೋಹ ಎಳ್ಕೊತೈತಿ, ಹೆಚ್ಚಿಂದು ಬೇರಿನಾಗ ಕೂಡತೈತಿ, ಕೊಳೆಸಿದ್ರ ಅದು ಎಲ್ಲೂ ಹೋಗಂಗಿಲ್ಲ, ಮಾಲು ಕರಗಿದಷ್ಟೂ ಗಟ್ಟಿ ಆಗತೈತಿ. ಮಾರೋ ಗೊಬ್ಬರಕ್ಕ ಸರ್ಕಾರದ ಮಿತಿ ಐತಿ, ಕೆಜಿಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5. ಲ್ಯಾಬಿಗೆ ಕೊಡುವಾಗ ಈ ಎರಡು ಮತ್ತ ಕ್ರೋಮಿಯಂ ಅಂತ ಬಾಯಿಬಿಟ್ಟು ಕೇಳಬೇಕು, ಇಲ್ಲಂದ್ರ ಅವರು ಮಾಡಂಗಿಲ್ಲ.

ಮುಧೋಳ ಕಬ್ಬಿನವ
ಅದರ ಫೀ ಒಂದು ತಿಪ್ಪಿ ಗೊಬ್ಬರದ ರೊಕ್ಕ ತಿಂತೈತಿ. ಸಣ್ಣ ರೈತ ಎಲ್ಲಿಂದ ಕೊಡಬೇಕು?

ಬೆಳಗಾವಿ ಬುಟ್ಟಿ ಅಕ್ಕ
ಕಾಯಿಪಲ್ಲೆ ತಿನ್ನೋರು ಎಲ್ಲಿಂದ ಕೊಡಬೇಕು ಹಂಗಾದ್ರ?

ಸಂಘದ ಅಕ್ಕ, ಬಾಗಲಕೋಟೆ ಜಿಲ್ಲಾ
ನಮ್ಮ ಕೆರಿಗೆ ಊರ ಗಟಾರ ಅಷ್ಟ ಬರತೈತ್ರಿ, ಕಾರ್ಖಾನಿ ಇಲ್ಲ. ದಂಡ್ಯಾಗ ಜೊಂಡೂ ಐತಿ, ನೀರೊಳಗ ಎಳಿ ಎಳಿ ಪಾಚಿ ಹಂಗ ಒಂದು ಕಳೆ ಐತಿ, ಅದನ್ನೂ ಕೂಡಸಬಹುದೇನು?

ಮುಧೋಳ ಕಬ್ಬಿನವ
ಎಳಿ ಕಳೆ ತಿಪ್ಪಿಗೆ ಹಾಕ್ರಿ, ಭಾಳ ಬೇಗ ಕೊಳೀತೈತಿ, ರವದಿ ಸ್ವಲ್ಪ ಹೆಚ್ಚಿಗಿ ಬೇಕು. ಜೊಂಡು ಮಾತ್ರ ಬುಟ್ಟಿ ಅಕ್ಕಾರಿಗೆ ಬಿಡ್ರಿ, ಗಡುತರ ಅದು, ನನ್ನ ಮಷಿನ್ ಬ್ಲೇಡ್ ಮೊಂಡ ಮಾಡೇತಿ.

ಬೆಳಗಾವಿ ಬುಟ್ಟಿ ಅಕ್ಕ
ಜೊಂಡು ಚಾಪಿಗೆ ಇದಕ್ಕಿಂತ ಗಟ್ಟಿ ಅಕ್ಕಾರ, ಬುಡದಾಗ ಕೊಯ್ದು ನೆರಳಾಗ ಒಣಗಸ್ರಿ. ಮತ್ತ ಮುಧೋಳದವರ, ಪರೀಕ್ಷಾದ ಮಾತು ಇನ್ನೂ ಮುಗದಿಲ್ಲ.