ಹಿತ್ತಲ ಸಮೀಕ್ಷೆಯಲ್ಲಿ ‘ಚವಳಿ’ ಅಂದರೆ ಯಾವ ಗಿಡ?

ಎಲ್ಲರಿಗೂ ನಮಸ್ಕಾರ. ಖಾನಾಪುರ ಕಡೆಯ ಒಂದು ಊರು, ಹುನಗುಂದ ಕಡೆಯ ಒಂದು ಊರು, ಎರಡರಲ್ಲೂ ಮನೆ ಹಿತ್ತಲಲ್ಲಿ ಏನೇನು ಗಿಡಮರ ಇವೆ ಅಂತ ಪಟ್ಟಿ ಮಾಡುತ್ತಿದ್ದೇನೆ. ನುಗ್ಗೆ, ಪೇರಲ, ಕರಿಬೇವು ತೊಂದರೆ ಕೊಡಲಿಲ್ಲ. ‘ಚವಳಿ’ ಮಾತ್ರ ಎರಡೂ ಊರಿನ ಪಟ್ಟಿಯಲ್ಲಿದೆ, ಆದರೆ ಒಂದೇ ಗಿಡ ಅಂತ ಅನಿಸುತ್ತಿಲ್ಲ. ಏನಂತ ಬರೆದುಕೊಳ್ಳಲಿ?

— ಚವಳಿಕಾಯಿ ಅಂದರೆ ಗೋರಿಕಾಯಿ, ಅದರಲ್ಲೇನು ಚರ್ಚೆ? ನಮ್ಮ ಬಾಗಲಕೋಟೆ ಸಂತೆಯಲ್ಲಿ ಯಾರನ್ನಾದರೂ ಕೇಳಿ. ಎಲ್ಲಾ ಕಡೆ ಗೋರಿ ಅಂತಲೇ ಬರೆದುಬಿಡಿ.

— ನಮ್ಮ ಹಿತ್ತಲಲ್ಲಿ ಚವಳಿಗೆ ಈ ಸಲ ಹೇನು ಜಾಸ್ತಿ ಆಗಿದೆ. ಬೇವಿನೆಣ್ಣೆ ಹೊಡೆಯಬಹುದಾ?

— ಹೇನಿನ ವಿಷಯ ಬೇರೆ ಕಡೆ ಮಾತಾಡೋಣ ಅಕ್ಕಾ. ಗೋರಿ ಅಂದವರು ತಮ್ಮ ಊರಿನ ಮಟ್ಟಿಗೆ ಸರಿ. ಆದರೆ ಬೆಳಗಾವಿಯ ಮರಾಠಿ ಮನೆಗಳಲ್ಲಿ ಚವಳಿ ಅಂದರೆ ಅಲಸಂದಿ, ಗೋರಿಗೆ ಅವರು ಗವಾರಿ ಅನ್ನುತ್ತಾರೆ. ಇದು ಲೆಕ್ಕವನ್ನೇ ಕೆಡಿಸುತ್ತದೆ. ಎರಡೂ ಊರಲ್ಲಿ ಎರಡೂ ಬೆಳೆ ಇವೆ ಅಂದುಕೊಳ್ಳಿ. ಒಂದೂರಿನ ಪಟ್ಟಿಯಲ್ಲಿ ಚವಳಿ, ಗವಾರಿ. ಇನ್ನೊಂದರಲ್ಲಿ ಚವಳಿ, ಅಲಸಂದಿ. ಹೆಸರು ನೋಡಿ ಎಣಿಸಿದರೆ ಒಟ್ಟು 3 ಬೆಳೆ, ಎರಡೂ ಕಡೆ ಇರುವುದು 1, ಅಂದರೆ ಸಮಾನ ಬೆಳೆಗಳನ್ನು ಒಟ್ಟು ಬೆಳೆಗಳಿಂದ ಭಾಗಿಸಿ ಬರುವ ಜಕಾರ್ಡ್ ಹೋಲಿಕೆ 0.33. ನಿಜಕ್ಕೆ ಇರುವುದು 2 ಬೆಳೆ, ಎರಡೂ ಎರಡು ಕಡೆ ಇವೆ, ಹೋಲಿಕೆ 1. ಅದೂ ಆ ಒಂದು ‘ಸಮಾನ’ ಚವಳಿ ಬೇರೆ ಬೇರೆ ಗಿಡ, ಸುಮ್ನೆ ಕಾಕತಾಳೀಯವಾಗಿ ಹೊಂದಿದ್ದು!

ಆದ್ದರಿಂದ ಫಾರ್ಮಿನಲ್ಲಿ ಮನೆಯವರು ಹೇಳಿದ ಹೆಸರಿಗೆ ಒಂದು ಕಾಲಂ, ಮನೆಮಾತಿಗೆ ಒಂದು, ಗಿಡ ನೋಡಿ ಗುರುತಿಸಿದ್ದಕ್ಕೆ ಇನ್ನೊಂದು ಇಡಿ. ಕಟ್ಟೆ ಮೇಲೆ ಕೂತು ಕೇಳಿ ಬರೆಯಬೇಡಿ, ಮನೆಯವರ ಜೊತೆ ಹಿತ್ತಲು ಸುತ್ತಿ. ಬಳ್ಳಿ ಹಬ್ಬಿದರೆ ಅಲಸಂದಿ ಅಂತ ನಂಬಬೇಡಿ, ಪೊದೆಯಾಗಿ ನಿಲ್ಲುವ ಅಲಸಂದಿಯೂ ಇದೆ. ಎಲೆ ಅಂಚು ನೋಡಿ: ಗೋರಿಯದು ಗರಗಸದ ಹಾಗೆ, ಅಲಸಂದಿಯದು ನುಣುಪು. ಗೋರಿಯ ಕಾಯಿ ಗೊಂಚಲಾಗಿ ಬಿರುಸಾಗಿ ನಿಂತಿರುತ್ತದೆ.

— ಬೇಸಿಗೆಯಲ್ಲಿ ಹೋದರೆ ಎಷ್ಟೋ ಹಿತ್ತಲಲ್ಲಿ ಎರಡೂ ಇರುವುದಿಲ್ಲ, ಅಲ್ವಾ?

— ಆಗ ಮನೆಯಲ್ಲಿ ಬೀಜ ಕೇಳಿ. ಎಷ್ಟೋ ಮನೆಗಳಲ್ಲಿ ಎತ್ತಿಟ್ಟಿರುತ್ತಾರೆ. ಅಲಸಂದಿ ಕಾಳಿಗೆ ಕಣ್ಣಿರುತ್ತದೆ, ಗೋರಿ ಬೀಜ ಸಣ್ಣದು, ಚಪ್ಪಟೆ. ಸಾಧ್ಯವಾದರೆ ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಿ, ಇಲ್ಲದಿದ್ದರೆ ಮರಗಳೇ ಪಟ್ಟಿ ತುಂಬುತ್ತವೆ.

— ಧನ್ಯವಾದ ಸರ್. ಗಿಡವೂ ಇಲ್ಲ, ಬೀಜವೂ ಇಲ್ಲ ಅನ್ನುವ ಮನೆಗಳನ್ನು ಏನು ಮಾಡಲಿ? ಮನೆಮಾತು ನೋಡಿ ಊಹಿಸಬಹುದಾ?

— ಎರಡೂ ಭಾಷೆ ಆಡುವ ಮನೆಗಳಲ್ಲಿ ಆ ಊಹೆ ಕೈಕೊಡುತ್ತದೆ. ನಾನಾದರೆ ‘ಗುರುತಾಗಿಲ್ಲ’ ಅಂತ ಬಿಟ್ಟು, ಒಮ್ಮೆ ಗೋರಿ ಅಂತ, ಒಮ್ಮೆ ಅಲಸಂದಿ ಅಂತ ಇಟ್ಟು ಎರಡು ಲೆಕ್ಕ ತೋರಿಸುತ್ತೇನೆ. ಆ ಮನೆಗಳನ್ನೇ ಕೈಬಿಡಬೇಕು ಅನ್ನುವವರೂ ಇದ್ದಾರೆ.

— ಅಂದರೆ ನನ್ನ ಗೋರಿ ತಪ್ಪಲ್ಲ ತಾನೇ?