ಪದಚರ್ಚೆ: ‘ಕೇಳೊಡನೆಯೆ’ ಅಂದರೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ಬಿ.ಎಂ.ಶ್ರೀ ಅವರ ‘ಕರುಣಾಳು ಬಾ ಬೆಳಕೆ’ಯನ್ನು ವಾಪಸ್ ಇಂಗ್ಲಿಷಿಗೆ ಮಾಡಿಸಿ, ನ್ಯೂಮನ್ 1833ರಲ್ಲಿ ಬರೆದ ‘ಲೀಡ್, ಕೈಂಡ್ಲಿ ಲೈಟ್’ ಪಕ್ಕದಲ್ಲಿಟ್ಟು ನೋಡುತ್ತಿದ್ದೇನೆ. ಮೂಲವನ್ನು ಓದಿರದ ಗೆಳೆಯರೊಬ್ಬರಿಗೆ ಕನ್ನಡದ ಸಾಲುಗಳನ್ನಷ್ಟೇ ಕೊಟ್ಟೆ. ಕವಿಯ ಹೆಸರನ್ನೂ ಹೇಳಲಿಲ್ಲ. ಪ್ರಾಸ ಬೇಡ, ಚೆಂದ ಮಾಡಬೇಡಿ, ಅರ್ಥವಾಗದ ಕಡೆ ಊಹಿಸಿ ಸರಿಮಾಡಲೂ ಬೇಡಿ ಎಂದೆ.

‘ಮನೆ ದೂರ’ ಹಾಗೇ ವಾಪಸ್ ಬಂತು. ‘ಇರುಳು ಕತ್ತಲೆಯ ಗವಿ’ಯಲ್ಲಿ ಗವಿ ಜಾಸ್ತಿ, ಮೂಲದಲ್ಲಿ ರಾತ್ರಿ ಕತ್ತಲಾಗಿದೆ ಅಂತಷ್ಟೇ ಇದೆ. ಅದೇನೂ ದೊಡ್ಡದಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿ:

ಬಲುದೂರ ನೋಟವನು ಕೇಳೊಡನೆಯೆ ಸಾಕು ನನಗೊಂದು ಹೆಜ್ಜೆ

ಗೆಳೆಯರು ಇದನ್ನು ‘ದೂರದ ನೋಟವನ್ನು ಕೇಳಿದ ಕೂಡಲೇ ನನಗೆ ಒಂದು ಹೆಜ್ಜೆ ಸಾಕು’ ಎಂಬ ಅರ್ಥದಲ್ಲಿ ಬರೆದಿದ್ದಾರೆ. ನ್ಯೂಮನ್ ಹೇಳುವುದು ತಿರುಗುಮುರುಗು: ದೂರದ್ದನ್ನು ತೋರಿಸು ಎಂದು ನಾನು ಕೇಳುವುದಿಲ್ಲ, ಒಂದು ಹೆಜ್ಜೆ ಕಂಡರೆ ಸಾಕು. ಅರ್ಥ ಜಾರಿದ್ದು ಯಾರ ಕೈಯಲ್ಲಿ? ನನ್ನ ಹತ್ತಿರ ಇರುವುದು ಭಜನೆಯವರು ಹಂಚುವ ಹಾಡಿನ ಹಾಳೆ.
— ಧಾರವಾಡದಿಂದ

---

ಇದು ಭಾವಾನುವಾದ. ಬಿ.ಎಂ.ಶ್ರೀ ಛಂದಸ್ಸಿಗಾಗಿ ಮಾತು ಬದಲಾಯಿಸಿದ್ದಾರೆ, ಅಷ್ಟೇ. ಹಾಡನ್ನು ಹೀಗೆ ಪದ ಪದ ಹಿಡಿದು ತೂಗಬಾರದು ಅಂತ ನನಗನಿಸುತ್ತದೆ. ಗವಿ ಬಂದದ್ದೂ ಛಂದಸ್ಸಿಗಾಗಿಯೇ.
— ತುಮಕೂರಿನಿಂದ

---

ಗವಿಯ ವಿಷಯದಲ್ಲಿ ನಿಮ್ಮ ಮಾತು ಇರಬಹುದು ಸರ್. ಆದರೆ ಈ ಸಾಲಿನಲ್ಲಿ ಛಂದಸ್ಸು ಬೇರೆಯದನ್ನೇ ಹೇಳುತ್ತದೆ. ಪಾಠ ‘ಕೇಳೊಡನೆಯೆ’ ಅಲ್ಲ, ‘ಕೇಳೆನೊಡನೆಯೆ’. ಕೇಳೆನು, ಒಡನೆಯೆ. ಅರಿಯೆನು, ಒಲ್ಲೆನು ಇದ್ದ ಹಾಗೆ ಕೇಳೆನು, ಅಂದರೆ ಕೇಳುವುದಿಲ್ಲ.

ಮಾತ್ರೆ ಎಣಿಸಿ ನೋಡಿ. ಹಾಡು ಐದೈದು ಮಾತ್ರೆಯಲ್ಲಿ ನಡೆಯುತ್ತದೆ: ಕರುಣಾಳು | ಬಾ ಬೆಳಕೆ | ಮುಸುಕಿದೀ | ಮಬ್ಬಿನಲಿ. ಹಾಗೆಯೇ, ಕೇಳೆನೊಡ | ನೆಯೆ ಸಾಕು | ನನಗೊಂದು | ಹೆಜ್ಜೆ. ನಿಮ್ಮ ಹಾಳೆಯಂತೆ ಓದಿದರೆ ‘ಕೇಳೊಡನೆ’ಗೆ ಐದು ಸಿಗುತ್ತದೆ, ಆದರೆ ‘ಯೆ ಸಾಕು’ವಿಗೆ ನಾಲ್ಕೇ. ಒಂದು ಅಕ್ಷರ ಬಿದ್ದುಹೋಗಿದೆ, ಅದರ ಜೊತೆ ‘ಇಲ್ಲ’ ಅನ್ನುವ ಅರ್ಥವೂ ಹೋಗಿದೆ. ಇಲ್ಲಿ ಅನುವಾದಕರ ತಪ್ಪೂ ಇಲ್ಲ, ನಿಮ್ಮ ಗೆಳೆಯರ ತಪ್ಪೂ ಇಲ್ಲ.

ಅವರು ಮೂಲ ಓದಿರದಿದ್ದದ್ದೇ ಒಳ್ಳೆಯದಾಯಿತು. ನ್ಯೂಮನ್ನನ್ನು ಬಾಯಿಪಾಠ ಮಾಡಿದವರಾಗಿದ್ದರೆ ತಪ್ಪು ಸಾಲನ್ನು ಓದಿಯೂ ‘ಕೇಳುವುದಿಲ್ಲ’ ಎಂದೇ ಬರೆದಿರುತ್ತಿದ್ದರು. ದೋಷ ನಿಮಗೆ ಕಾಣುತ್ತಲೇ ಇರಲಿಲ್ಲ.
— ಮೈಸೂರಿನಿಂದ

---

ನಮಸ್ಕಾರ. ನಾನು ಇಲ್ಲಿ ನ್ಯೂಜೆರ್ಸಿಯಲ್ಲಿ ಮಕ್ಕಳಿಗೆ ಈ ಹಾಡು ಕಲಿಸುತ್ತೇನೆ. ರಾಗದ ಬಗ್ಗೆ ಕೇಳಿದ್ದೀರಿ ಅಂದುಕೊಂಡು ಮೇಲ್ ತೆರೆದೆ! ಇರಲಿ. ಇಂಗ್ಲಿಷ್ ಪದ್ಯ ಗೊತ್ತಿರುವ ಒಬ್ಬ ಹುಡುಗಿ ಕೇಳಿದಳು, ಅಲ್ಲಿ ಬೆಳಕಿಗೆ ‘ಬಾ’ ಅಂತ ಎಲ್ಲಿದೆ ಆಂಟಿ, ಅಂತ. ನನಗೆ ಉತ್ತರ ಹೊಳೆಯಲಿಲ್ಲ.
— ನ್ಯೂಜೆರ್ಸಿಯಿಂದ

---

ಆ ಹುಡುಗಿ ಕೇಳಿದ್ದು ಒಳ್ಳೆಯ ಪ್ರಶ್ನೆ ಮೇಡಂ. ನನ್ನ ಮಟ್ಟಿಗೆ ಗವಿಗಿಂತ ದೊಡ್ಡ ಬದಲಾವಣೆ ಅದೇ. ಈ ಪದ್ಯಕ್ಕೆ ‘ಮೇಘಸ್ತಂಭ’ ಎಂಬ ಅರ್ಥದ ಶೀರ್ಷಿಕೆಯೂ ಇತ್ತು. ಬೈಬಲಿನ ವಿಮೋಚನಕಾಂಡದಲ್ಲಿ ಹಗಲು ಮೋಡದ ಕಂಬ, ಇರುಳು ಬೆಂಕಿಯ ಕಂಬ ಇಸ್ರಾಯೇಲ್ಯರ ಮುಂದೆ ಹೋಗುತ್ತದೆ. ಅಲ್ಲಿ ದಾರಿ ತೋರುವುದು ಮುಂದೆ ಇದೆ, ಜನ ಹಿಂದೆ ನಡೆಯುತ್ತಾರೆ. ಮೂಲದಲ್ಲಿ ‘ನನ್ನನ್ನು ನಡೆಸು’ ಅಂತಷ್ಟೇ ಇದೆ. ಕನ್ನಡದಲ್ಲಿ ಬೆಳಕನ್ನು ‘ಬಾ’ ಎಂದು ಕರೆದು, ‘ಕೈ ಹಿಡಿದು’ ಎಂದು ಸೇರಿಸಿದ್ದಾರೆ. ಮುಂದೆ ಇದ್ದದ್ದು ಪಕ್ಕಕ್ಕೆ ಬಂತು. ಸಾಲು ಸಾಲಾಗಿ ಗುರುತು ಹಾಕಿದರೆ ಇವು ಎರಡು ಸಣ್ಣ ಸೇರ್ಪಡೆ. ಒಟ್ಟಿಗೆ ಓದಿದರೆ ಹಾಡುವವನಿಗೂ ಬೆಳಕಿಗೂ ಇರುವ ನಂಟೇ ಬೇರೆಯಾಗಿದೆ. ನನಗೆ ಕನ್ನಡದ ನಂಟೇ ಹೆಚ್ಚು ಇಷ್ಟ.
— ಮೈಸೂರಿನಿಂದ

---

ಪಾಠ ತಿದ್ದಿಕೊಂಡೆ, ತುಂಬಾ ಉಪಕಾರವಾಯಿತು. ಆದರೆ ಈಗ ‘ಒಡನೆಯೆ’ ಕಾಡುತ್ತಿದೆ. ‘ದೂರದ್ದನ್ನು ಈಗಲೇ ಕೇಳುವುದಿಲ್ಲ’ ಅಂದರೆ ಮುಂದೆ ಯಾವಾಗಲೋ ಕೇಳಬಹುದು ಅಂತಾಗುತ್ತದೆ, ಅಲ್ವಾ? ನ್ಯೂಮನ್ ‘ಈಗಲೇ’ ಅನ್ನುವುದಿಲ್ಲ.
— ಧಾರವಾಡದಿಂದ

---

ಸುಮ್ನೆ ಮಾತ್ರೆ ತುಂಬಿಸಲು ಬಂದ ಪದ ಅದು. ನಾನು ಮೊದಲೇ ಹೇಳಿದೆನಲ್ಲ.
— ತುಮಕೂರಿನಿಂದ

---

ನನಗೆ ಹಾಗನ್ನಿಸುವುದಿಲ್ಲ. ಮುಂದಿನದೆಲ್ಲ ಒಟ್ಟಿಗೆ ಕಾಣಲಿ ಎನ್ನುವ ಆತುರ ನನಗಿಲ್ಲ ಎಂದೂ ಓದಬಹುದು. ಆಗ ಮೂಲಕ್ಕೆ ಹತ್ತಿರವೇ ಬರುತ್ತದೆ. ತಿದ್ದಿದ ಸಾಲನ್ನು ಇನ್ನೊಬ್ಬರಿಗೆ ಕೊಟ್ಟು ನೋಡಿ. ಮೊದಲಿನ ಗೆಳೆಯರಿಗೆ ಬೇಡ, ಅವರಿಗೆ ಈಗ ಮೂಲ ಗೊತ್ತಾಗಿರುತ್ತದೆ.
— ಮೈಸೂರಿನಿಂದ