ಲಾಗ್‌ನಲ್ಲಿ ಕಾಣುವ ವಿಳಾಸ ಯಾರದು? X-Forwarded-For ಕುರಿತ ಪ್ರಶ್ನೋತ್ತರ

ಶುಲ್ಕ ಕೌಂಟರ್: ಮೇಡಂ, ನಮ್ಮ ಕಾಲೇಜಿನ ಶುಲ್ಕ ಪಾವತಿಯ ತಾಣಕ್ಕೆ ಮುಂದೆ ಕ್ಲೌಡ್ ಲೋಡ್ ಬ್ಯಾಲೆನ್ಸರ್ ಇದೆ, ಅದರ ಹಿಂದೆ ಎಂಜಿನ್‌ಎಕ್ಸ್, ಅದೇ ಯಂತ್ರದಲ್ಲಿ ನಮ್ಮ ಅಪ್ಲಿಕೇಷನ್. ಒಂದು ವಿಳಾಸದಿಂದ ಐದು ಸಲ ಪಾಸ್‌ವರ್ಡ್ ತಪ್ಪಿದರೆ ಆ ವಿಳಾಸವನ್ನು ಹದಿನೈದು ನಿಮಿಷ ತಡೆಯುತ್ತೇವೆ. ಮೊದಲು ಎಲ್ಲರೂ 10.0.1.23 ಎಂದೇ ಕಾಣುತ್ತಿದ್ದುದರಿಂದ ಯಾರೋ ಒಬ್ಬರು ತಪ್ಪಿದರೆ ಇಡೀ ಕಾಲೇಜಿಗೆ ಬಾಗಿಲು ಮುಚ್ಚುತ್ತಿತ್ತು. ವಾಟ್ಸ್ಆ್ಯಪ್‌ನಲ್ಲಿ ಬಂದ ಸಲಹೆಯಂತೆ, ಕೋರಿಕೆ ಯಾವ ವಿಳಾಸಗಳಿಂದ ದಾಟಿ ಬಂತೆಂದು ಪಟ್ಟಿ ಮಾಡುವ X-Forwarded-For ಹೆಡರ್‌ನ ಮೊದಲ ವಿಳಾಸವನ್ನು ತೆಗೆದುಕೊಂಡ ಮೇಲೆ ಆ ತೊಂದರೆ ನಿಂತಿತು. ಆದರೆ ಕಳೆದ ವಾರ ಒಂದೇ ಖಾತೆಗೆ ಒಂದು ರಾತ್ರಿಯಲ್ಲಿ ಮೂರು ಸಾವಿರ ತಪ್ಪು ಪಾಸ್‌ವರ್ಡ್ ಬಿದ್ದರೂ ಯಾರೂ ತಡೆಗೆ ಸಿಗಲಿಲ್ಲ. ಪ್ರತಿ ಸಲವೂ ಬೇರೆ ವಿಳಾಸ. ಇಷ್ಟೊಂದು ಕಂಪ್ಯೂಟರ್‌ಗಳು ನಮ್ಮ ಮೇಲೆ ಬೀಳಲು ಕಾರಣವೇನು?

```
ip = request.headers["X-Forwarded-For"].split(",")[0].strip()
```

ಜಾಲಪಾಲಕಿ: ಅಪ್ಲಿಕೇಷನ್‌ಗೆ ತಲುಪಿದ ಹೆಡರ್ ಅನ್ನು ಕತ್ತರಿಸದೆ ಮೂರು ಸಾಲು ಇಲ್ಲಿ ಹಾಕಿ. ವಿಳಾಸಗಳನ್ನು ಬದಲಿಸಿ ಹಾಕಿದರೆ ಸಾಕು, ಅವುಗಳ ಕ್ರಮ ಮಾತ್ರ ಕೆಡಬಾರದು.

ಶುಲ್ಕ ಕೌಂಟರ್: ಬದಲಿಸಿ ಹಾಕಿದ್ದೇನೆ.

```
198.51.100.7, 203.0.113.45, 10.0.1.23
192.0.2.90, 203.0.113.45, 10.0.1.23
198.51.100.201, 203.0.113.45, 10.0.1.23
```

ಜಾಲಪಾಲಕಿ: ನಿಮ್ಮ ಮೇಲೆ ಬಿದ್ದಿರುವುದು ಒಂದೇ ಯಂತ್ರ, ಅದು 203.0.113.45. ಎಡಗಡೆಯ ವಿಳಾಸಗಳು ಯಾರ ಮನೆಯವೂ ಅಲ್ಲ, ದಾಳಿಕೋರ ತಾನೇ ಬರೆದು ಕಳಿಸಿದ ಅಕ್ಷರಗಳು.

ಈ ಸಾಲು ಹೇಗೆ ಬೆಳೆಯಿತೆಂದು ನೋಡಿ. ದಾಳಿಕೋರನ ಕೋರಿಕೆಯಲ್ಲಿಯೇ `X-Forwarded-For: 198.51.100.7` ಎಂಬ ಸಾಲು ಇತ್ತು. ಅದನ್ನು ಬರೆಯಬೇಡವೆಂದು ಅವನನ್ನು ತಡೆಯುವವರು ಯಾರೂ ಇಲ್ಲ, ಏಕೆಂದರೆ ಹೆಡರ್ ಎಂಬುದು ಕಳಿಸುವವನ ಮಾತೇ ಹೊರತು ಸಾಕ್ಷಿಯಲ್ಲ. ಲೋಡ್ ಬ್ಯಾಲೆನ್ಸರ್ ಅದನ್ನು ಅಳಿಸದೆ, ತನಗೆ ಸಂಪರ್ಕ ಕೊಟ್ಟ ಯಂತ್ರದ ವಿಳಾಸವಾದ 203.0.113.45 ಅನ್ನು ಅದರ ಬಲಕ್ಕೆ ಸೇರಿಸಿತು. ಬಳಿಕ ಎಂಜಿನ್‌ಎಕ್ಸ್ ತನಗೆ ಸಂಪರ್ಕ ಕೊಟ್ಟ ಲೋಡ್ ಬ್ಯಾಲೆನ್ಸರ್‌ನ ವಿಳಾಸವನ್ನು ಇನ್ನೂ ಬಲಕ್ಕೆ ಸೇರಿಸಿತು. ಹೀಗಾಗಿ ಬಲತುದಿಯ ಎರಡನ್ನು ಬರೆದದ್ದು ನಿಮ್ಮದೇ ಯಂತ್ರಗಳು, ಅದಕ್ಕಿಂತ ಎಡಕ್ಕಿರುವುದೆಲ್ಲ ಬಂದವನು ಹೇಳಿದ್ದು. ನಿಮ್ಮ ಕೋಡ್ ನಂಬಬೇಕಾದ ತುದಿಯನ್ನು ಬಿಟ್ಟು, ನಂಬಬಾರದ ತುದಿಯನ್ನೇ ಹುಡುಕಿ ತೆಗೆದುಕೊಂಡಿದೆ. ಪ್ರತಿ ಐದು ಯತ್ನಕ್ಕೆ ಒಂದು ಹೊಸ ವಿಳಾಸ ಬರೆದರೆ ನಿಮ್ಮ ತಡೆ ಇದ್ದೂ ಇಲ್ಲದಂತೆ.

ಬಲದಿಂದ ಎಡಕ್ಕೆ ಓದಿ, ನಿಮ್ಮದೆಂದು ಖಚಿತವಾಗಿ ಗೊತ್ತಿರುವ ಪ್ರಾಕ್ಸಿಗಳನ್ನು ದಾಟಿ, ಮೊದಲು ಸಿಗುವ ಅಪರಿಚಿತ ವಿಳಾಸದಲ್ಲಿ ನಿಲ್ಲಬೇಕು. ಈ ಕೆಲಸ ಅಪ್ಲಿಕೇಷನ್‌ನಲ್ಲಿ ಬೇಡ, ಎಂಜಿನ್‌ಎಕ್ಸ್‌ನಲ್ಲಿಯೇ ಆಗಲಿ:

```
set_real_ip_from 10.0.1.0/24;
real_ip_header X-Forwarded-For;
real_ip_recursive on;
proxy_set_header X-Forwarded-For $remote_addr;
```

ಮೊದಲ ಸಾಲಿನಲ್ಲಿ ಲೋಡ್ ಬ್ಯಾಲೆನ್ಸರ್ ಇರುವ ಸಬ್‌ನೆಟ್ ಬರಬೇಕು. ಅದರ ಒಂದೊಂದು ವಿಳಾಸವನ್ನೇ ಬರೆದರೆ ಕ್ಲೌಡ್‌ನವರು ನೋಡ್ ಬದಲಿಸಿದ ದಿನ ನೀವು ಮತ್ತೆ ಮೊದಲಿನ ತೊಂದರೆಗೇ ಬರುತ್ತೀರಿ. ಕೊನೆಯ ಸಾಲು ಹಳೆಯ ಸರಪಳಿಯನ್ನು ಎಸೆದು, ಎಂಜಿನ್‌ಎಕ್ಸ್ ಖಚಿತಪಡಿಸಿಕೊಂಡ ಒಂದೇ ವಿಳಾಸವನ್ನು ಒಳಗೆ ಕಳಿಸುತ್ತದೆ. ಆಗ ನಿಮ್ಮ ಕೋಡ್ ಮೊದಲನೆಯದನ್ನು ತೆಗೆದರೂ ಕೊನೆಯದನ್ನು ತೆಗೆದರೂ ಸಿಗುವುದು ಅದೊಂದೇ. ಅಲ್ಲಿ `$proxy_add_x_forwarded_for` ಬರೆದರೆ ದಾಳಿಕೋರನ ಅಕ್ಷರಗಳು ಮತ್ತೆ ಅಪ್ಲಿಕೇಷನ್‌ವರೆಗೆ ನಡೆದು ಬರುತ್ತವೆ.

ಲೋಡ್ ಬ್ಯಾಲೆನ್ಸರ್‌ನ ಸೆಟ್ಟಿಂಗ್ ಅನ್ನೂ ಒಮ್ಮೆ ನೋಡಿ. ಅಮೆಜಾನ್‌ನ ಅಪ್ಲಿಕೇಷನ್ ಲೋಡ್ ಬ್ಯಾಲೆನ್ಸರ್‌ನಲ್ಲಿ ಈ ಹೆಡರ್‌ಗೆ append, preserve, remove ಎಂಬ ಮೂರು ಆಯ್ಕೆಗಳಿವೆ. ತಾನಾಗಿ ಇರುವುದು append. ಯಾರಾದರೂ ಅದನ್ನು preserve ಮಾಡಿಟ್ಟಿದ್ದರೆ ಬಂದ ಹೆಡರ್ ಹಾಗೆಯೇ ಒಳಗೆ ಹೋಗುತ್ತದೆ, ಬಲದಿಂದ ಓದಿಯೂ ಪ್ರಯೋಜನವಿಲ್ಲ.

ರಾತ್ರಿಪಾಳಿ: ಇಷ್ಟೆಲ್ಲ ಸುತ್ತಾಟ ಏಕೆ? X-Real-IP ಹೆಡರ್ ಓದಿದರೆ ಮುಗಿಯಿತು. ಅದರಲ್ಲಿ ಒಂದೇ ವಿಳಾಸ ಇರುತ್ತದೆ, ಅದನ್ನು ಹೊರಗಿನವರು ಬರೆಯಲಾಗದು. ನಮ್ಮ ಕಂಪನಿಯಲ್ಲಿ ನಾಲ್ಕು ವರ್ಷಗಳಿಂದ ಹಾಗೇ ನಡೆದಿದೆ.

ಹಳೇ ಸರ್ವರ್: ಒಂದೇ ವಿಳಾಸ ಇರುತ್ತದೆ ಎಂಬುದು ಸರಿ, ಹೊರಗಿನವರು ಬರೆಯಲಾಗದು ಎಂಬುದು ತಪ್ಪು. ನಿಮ್ಮ ಎಂಜಿನ್‌ಎಕ್ಸ್ ಆ ಹೆಡರ್ ಅನ್ನು ಅಳಿಸಿ ತಾನೇ ಬರೆಯುತ್ತಿರುವುದರಿಂದ ನೀವು ನಾಲ್ಕು ವರ್ಷ ಬದುಕಿದ್ದೀರಿ. ಆ ಸಾಲನ್ನು ಯಾರಾದರೂ ತೆಗೆದರೆ ಹೊರಗಿನವನ X-Real-IP ಕೂಡ ಹಾಗೆಯೇ ಒಳಗೆ ಬರುತ್ತದೆ.

ರಾತ್ರಿಪಾಳಿ: ತೆಗೆದರೆ ಎಂಬ ಮಾತೇ ಬೇರೆ, ಸ್ವಾಮಿ. ಬಾಗಿಲನ್ನೇ ಕಿತ್ತುಹಾಕಿದರೆ ಬೀಗದ ತಪ್ಪೆನ್ನುತ್ತೀರಾ?

ಹಳೇ ಸರ್ವರ್: ಶುಲ್ಕ ಕೌಂಟರ್ ಅವರ ಬಾಗಿಲಿಗೆ ಆ ಬೀಗ ಇದೆಯೋ ಇಲ್ಲವೋ ತಿಳಿಯದೆ ನೀವು ಸಲಹೆ ಕೊಟ್ಟಿರಿ. ಅಷ್ಟನ್ನೇ ಹೇಳುತ್ತಿದ್ದೇನೆ.

ಜಾಲಪಾಲಕಿ: ಹೆಡರ್‌ನ ಹೆಸರಿನಲ್ಲಿ ಏನೂ ಇಲ್ಲ. ಅದನ್ನು ಕೊನೆಗೆ ಬರೆದವರು ಯಾರು ಎಂಬುದಷ್ಟೇ ಮುಖ್ಯ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಹೊಸಬ: ಮೇಡಂ, ಹಾಗಾದರೆ ಮೊದಲ ವಿಳಾಸ ತೆಗೆದುಕೊಳ್ಳಬೇಕೋ, ಕೊನೆಯದನ್ನೋ?

ಜಾಲಪಾಲಕಿ: ಮೇಲೆ ಬರೆದಿದ್ದೇನೆ.

ಊರಿನವ: ನಮ್ಮ ಬಡಾವಣೆಯ ಗುಂಪಿನಲ್ಲಿ ಒಬ್ಬ ಸುಳ್ಳು ಹೆಸರಿನಿಂದ ಬೈದು ಬರೆಯುತ್ತಿದ್ದಾನೆ. ಈ ವಿಧಾನದಿಂದ ಅವನ ಮನೆ ವಿಳಾಸ ಸಿಗುತ್ತದೆಯೇ?

ಜಾಲಪಾಲಕಿ: ಇಲ್ಲ. ಇದು ನಿಮ್ಮ ಸ್ವಂತ ಸರ್ವರ್‌ಗೆ ಬಂದ ಸಂಪರ್ಕದ ಮಾತು, ಮನೆಯ ಬಾಗಿಲ ಸಂಖ್ಯೆಯದಲ್ಲ. ಅದಕ್ಕೆ ಪೊಲೀಸರಿಗೆ ದೂರು ಕೊಡಿ.

ಕೋಡುಬಳೆ: ನನಗೊಂದು ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗವಾಗಲಿ ಎಂದು ಹಾಕುತ್ತಿದ್ದೇನೆ: "ವಿಳಾಸದ ತೊಂದರೆ ಇದ್ದರೆ `set_real_ip_from 0.0.0.0/0;` ಹಾಕಿ, ಯಾವ ಕ್ಲೌಡ್ ಆದರೂ ಕೆಲಸ ಮಾಡುತ್ತದೆ."

ಜಾಲಪಾಲಕಿ: ಯಾರೂ ಇದನ್ನು ಹಾಕಬೇಡಿ. ಇಡೀ ಇಂಟರ್ನೆಟ್ ನನ್ನ ಪ್ರಾಕ್ಸಿ ಎಂದು ಸಹಿ ಹಾಕಿದ ಹಾಗೆ ಇದು. `real_ip_recursive on` ಜೊತೆಗೆ ಇದ್ದರೆ ಪಟ್ಟಿಯ ಪ್ರತಿ ವಿಳಾಸವೂ ನಂಬಿಕೆಗೆ ಅರ್ಹವಾಗಿ ಬಿಡುತ್ತದೆ, ಎಂಜಿನ್‌ಎಕ್ಸ್ ದಾಟುತ್ತ ದಾಟುತ್ತ ಎಡತುದಿಗೆ ಹೋಗಿ ನಿಲ್ಲುತ್ತದೆ. ಅಂದರೆ ದಾಳಿಕೋರ ಬರೆದದ್ದೇ ನಿಮ್ಮ ಲಾಗ್. ಯಾವುದಾದರೂ ನಿರ್ವಹಣೆಯ ಪುಟವನ್ನು 127.0.0.1 ವಿಳಾಸಕ್ಕೆ ಮಾತ್ರ ತೆರೆದಿದ್ದರೆ ಅವನು ಹೆಡರ್‌ನಲ್ಲಿ 127.0.0.1 ಎಂದು ಬರೆದು ಒಳಗೆ ಬರುತ್ತಾನೆ. "ಕೆಲಸ ಮಾಡುತ್ತದೆ" ಎಂದು ಮುಗಿಯುವ ಫಾರ್ವರ್ಡ್‌ಗಳನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ಕೋಡುಬಳೆ: ಒಳ್ಳೆಯ ಮನಸ್ಸಿನಿಂದ ಹಾಕಿದೆ. ಇಷ್ಟು ಗದರುವ ಅಗತ್ಯ ಇರಲಿಲ್ಲ.

ಶುಲ್ಕ ಕೌಂಟರ್: ಮೇಡಂ, ನೀವು ಹೇಳಿದಂತೆ ಮಾಡಿದೆ. ಸಬ್‌ನೆಟ್ ಲೆಕ್ಕ ಗೊಂದಲವಾದ್ದರಿಂದ 10.0.1.0/24 ಬದಲು 10.0.0.0/8 ಎಂದು ಹಾಕಿದೆ, ಒಳಗಿನದೆಲ್ಲ ನಮ್ಮದೇ ತಾನೆ. ಹೊರಗಿನಿಂದ ಪರೀಕ್ಷಿಸಿದರೆ ಸರಿಯಾಗಿದೆ. ಆದರೆ ನಮ್ಮ ಸಿಬ್ಬಂದಿಯೊಬ್ಬರು ಮನೆಯಿಂದ ವಿಪಿಎನ್ ಮೂಲಕ, ಒಳಗಿನ ಇನ್ನೊಂದು ಲೋಡ್ ಬ್ಯಾಲೆನ್ಸರ್ ದಾಟಿ ಬಂದು ಸುಳ್ಳು ಹೆಡರ್ ಹಾಕಿದಾಗ ಲಾಗ್‌ನಲ್ಲಿ ಆ ಸುಳ್ಳು ವಿಳಾಸವೇ ಕಾಣಿಸಿತು. ಅವರ ವಿಪಿಎನ್ ವಿಳಾಸ 10.8.0.14.

ಜಾಲಪಾಲಕಿ: ಇದನ್ನು ಪರೀಕ್ಷಿಸಿದ ಸಿಬ್ಬಂದಿಗೆ ನನ್ನ ಮೆಚ್ಚುಗೆ ತಿಳಿಸಿ, ಬಹಳ ಕಡೆ ಈ ತೂತು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಅವರ ಕೋರಿಕೆ ಎಂಜಿನ್‌ಎಕ್ಸ್ ತಲುಪಿದಾಗ ಹೆಡರ್ `198.51.100.7, 10.8.0.14` ಎಂದಿರುತ್ತದೆ. ಸಂಪರ್ಕ ಬಂದದ್ದು ಒಳಗಿನ ಲೋಡ್ ಬ್ಯಾಲೆನ್ಸರ್‌ನಿಂದ, ಅದು ನಂಬಿಕೆಯ ಪಟ್ಟಿಯಲ್ಲಿದೆ, ಆದ್ದರಿಂದ ಎಂಜಿನ್‌ಎಕ್ಸ್ ಹೆಡರ್ ಓದಲು ತೊಡಗುತ್ತದೆ. ಬಲತುದಿಯ 10.8.0.14 ಕೂಡ 10.0.0.0/8 ಒಳಗೇ ಬೀಳುವುದರಿಂದ ಅದನ್ನು ಇನ್ನೊಂದು ಪ್ರಾಕ್ಸಿ ಎಂದು ಭಾವಿಸಿ ದಾಟುತ್ತದೆ. ಅದು ಪ್ರಾಕ್ಸಿಯಲ್ಲ, ಮನುಷ್ಯ ಕುಳಿತಿರುವ ಲ್ಯಾಪ್‌ಟಾಪ್. ದಾಟಿದ ಮೇಲೆ ಉಳಿಯುವುದು ಆ ಮನುಷ್ಯ ಬರೆದ ಸುಳ್ಳು. ನಂಬಿಕೆಯ ಪಟ್ಟಿಗೆ ಬರಬೇಕಾದುದು "ನಮ್ಮ ಯಂತ್ರಗಳು" ಅಲ್ಲ, "ಹೆಡರ್ ಅನ್ನು ಸರಿಯಾಗಿ ಬರೆಯುತ್ತವೆಂದು ನಾವು ಹೊಣೆ ಹೊರಬಲ್ಲ ಪ್ರಾಕ್ಸಿಗಳು" ಮಾತ್ರ. ಎರಡು ಲೋಡ್ ಬ್ಯಾಲೆನ್ಸರ್‌ಗಳ ಸಬ್‌ನೆಟ್‌ಗಳನ್ನು ಎರಡು ಸಾಲಾಗಿ ಬರೆದು /8 ತೆಗೆಯಿರಿ.

ಮುಂದೆ ಯಾರ ಮಾತು ನಂಬಿದೆವೆಂದು ತಿಳಿಯಲು ಲಾಗ್‌ನಲ್ಲಿ ಮೂರನ್ನೂ ಬರೆಸಿ:

```
log_format xff '$realip_remote_addr $remote_addr "$http_x_forwarded_for"';
```

ಮೊದಲನೆಯದು ನಿಜವಾಗಿ ಸಂಪರ್ಕ ಕೊಟ್ಟ ಯಂತ್ರ, ಎರಡನೆಯದು ಎಂಜಿನ್‌ಎಕ್ಸ್ ತೀರ್ಮಾನಿಸಿದ ಗ್ರಾಹಕ, ಮೂರನೆಯದು ಬಂದ ಹೆಡರ್ ಹಾಗೆಯೇ. ಮೊದಲನೆಯದು ಲೋಡ್ ಬ್ಯಾಲೆನ್ಸರ್ ಅಲ್ಲದ ದಿನ, ಯಾರೋ ಅದನ್ನು ತಪ್ಪಿಸಿ ನೇರವಾಗಿ ಬಂದಿದ್ದಾರೆಂದು ತಿಳಿಯಿರಿ.

ಹಾಸ್ಟೆಲ್ ವಾರ್ಡನ್: ವಿಳಾಸ ಸರಿಯಾಗಿ ಸಿಕ್ಕರೂ ನಮಗೆ ತೊಂದರೆಯೇ. ನಮ್ಮ ಹಾಸ್ಟೆಲ್‌ನ ನಾನೂರು ವಿದ್ಯಾರ್ಥಿಗಳು ಒಂದೇ ಸಾರ್ವಜನಿಕ ವಿಳಾಸದಿಂದ ಹೊರಗೆ ಹೋಗುತ್ತಾರೆ. ಮೊಬೈಲ್ ಕಂಪನಿಗಳೂ ಹಲವರಿಗೆ ಒಂದೇ ವಿಳಾಸ ಹಂಚುತ್ತವೆ. ಐದು ತಪ್ಪಿಗೆ ತಡೆ ಎಂದರೆ ಶುಲ್ಕ ಕಟ್ಟುವ ಕೊನೆಯ ದಿನ ಗತಿಯೇನು?

ರಾತ್ರಿಪಾಳಿ: ಹಾಗಾದರೆ ವಿಳಾಸವನ್ನು ಬಿಟ್ಟು ಖಾತೆಯ ಲೆಕ್ಕದಲ್ಲಿ ತಡೆಯಿರಿ.

ಹಳೇ ಸರ್ವರ್: ಆಗ ಯಾರ ನೋಂದಣಿ ಸಂಖ್ಯೆ ಗೊತ್ತಿದ್ದರೂ ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿ ಅವರನ್ನು ಹೊರಗಿಡಬಹುದು. ವಿದ್ಯಾರ್ಥಿಗಳಿಗೆ ಇದು ಎರಡು ದಿನದಲ್ಲಿ ತಿಳಿಯುತ್ತದೆ.

ರಾತ್ರಿಪಾಳಿ: ನಾನು ಏನು ಹೇಳಿದರೂ ನಿಮ್ಮಲ್ಲೊಂದು ಕೊಂಕು ಸಿದ್ಧವಾಗಿರುತ್ತದೆ.

ಹಳೇ ಸರ್ವರ್: ಕೊಂಕಲ್ಲ, ಅನುಭವ.

ಜಾಲಪಾಲಕಿ: ವಾರ್ಡನ್ ಅವರ ಆಕ್ಷೇಪ ನ್ಯಾಯವಾದದ್ದು. ವಿಳಾಸಕ್ಕೊಂದು ಸಡಿಲವಾದ ಮಿತಿ, ಖಾತೆಗೊಂದು ಬಿಗಿಯಾದ ಮಿತಿ ಇಟ್ಟು, ಖಾತೆಯನ್ನು ಮುಚ್ಚುವ ಬದಲು ಪ್ರತಿ ತಪ್ಪಿಗೂ ಕಾಯುವ ಸಮಯ ಹೆಚ್ಚಿಸುವುದು ನನ್ನ ರೂಢಿ. ನಾನೂರು ಜನರ ವಿಳಾಸಕ್ಕೆ ಎಷ್ಟು ಮಿತಿ ಸರಿ ಎಂಬುದನ್ನು ನಿಮ್ಮ ಲಾಗ್ ನೋಡದೆ ಹೇಳಲಾರೆ.

ಹೊಸಬ: ನಾನು ಎಂಜಿನ್‌ಎಕ್ಸ್ ಬಳಸುವುದಿಲ್ಲ, ಎಕ್ಸ್‌ಪ್ರೆಸ್ ಮಾತ್ರ. `trust proxy` ಅನ್ನು `true` ಮಾಡಿದರೆ ಮೊದಲನೆಯದು ಬರುತ್ತದೋ, ಕೊನೆಯದೋ?

ಜಾಲಪಾಲಕಿ: ಎಡತುದಿಯದು, ಅಂದರೆ ನಂಬಬಾರದ್ದು. `true` ಬದಲು ಸಬ್‌ನೆಟ್ ಕೊಡಿ. ಮೊದಲೋ ಕೊನೆಯೋ ಎಂಬ ಪ್ರಶ್ನೆಗೆ ಇನ್ನು ಉತ್ತರಿಸುವುದಿಲ್ಲ.

ಪುತ್ತೂರು ಬಸ್ಸು: 2014ರಲ್ಲಿ ಬಂದ ಆರ್‌ಎಫ್‌ಸಿ 7239ರಲ್ಲಿ Forwarded ಎಂಬ ಪ್ರಮಾಣಿತ ಹೆಡರ್ ಇದೆಯಲ್ಲ, ಎಲ್ಲರೂ ಅದಕ್ಕೇ ಏಕೆ ಹೋಗುತ್ತಿಲ್ಲ?

ಶುಲ್ಕ ಕೌಂಟರ್: /8 ತೆಗೆದೆ. ವಿಪಿಎನ್‌ನಿಂದಲೂ ಈಗ 10.8.0.14 ಎಂದೇ ಬರುತ್ತಿದೆ. ಕೊನೆಗೊಂದು ಅನುಮಾನದಿಂದ ನಮ್ಮ ಮನೆಯಿಂದ ಸರ್ವರ್‌ನ ಸಾರ್ವಜನಿಕ ವಿಳಾಸದ 8000ನೇ ಪೋರ್ಟ್‌ಗೆ ಇದನ್ನು ಕಳಿಸಿದೆ.

```
curl -H 'X-Forwarded-For: 198.51.100.7' http://203.0.113.80:8000/login
```

ಲಾಗಿನ್ ಪುಟ ತೆರೆಯಿತು. ಅಪ್ಲಿಕೇಷನ್‌ನ ಲಾಗ್‌ನಲ್ಲಿ 198.51.100.7 ಎಂದು ಬಿದ್ದಿದೆ. ಎಂಜಿನ್‌ಎಕ್ಸ್‌ನ ಲಾಗ್‌ನಲ್ಲಿ ಏನೂ ಇಲ್ಲ.

ಜಾಲಪಾಲಕಿ: ನೀವು ಎಂಜಿನ್‌ಎಕ್ಸ್ ಅನ್ನು ಮುಟ್ಟದೆ ನೇರವಾಗಿ ಅಪ್ಲಿಕೇಷನ್‌ಗೇ ಹೋಗಿದ್ದೀರಿ, ಹಾಗಾಗಿ ಹೆಡರ್ ತೊಳೆಯುವವರು ನಡುವೆ ಯಾರೂ ಇರಲಿಲ್ಲ. ಅಪ್ಲಿಕೇಷನ್ 0.0.0.0:8000 ಮೇಲೆ ಕಿವಿಗೊಟ್ಟಿದೆ, ಅದನ್ನು 127.0.0.1:8000 ಮಾಡಿ ಮರುಚಾಲನೆ ಕೊಡಿ. ಫೈರ್‌ವಾಲ್‌ನಲ್ಲಿ 8000 ಮುಚ್ಚಿ, ಎಂಜಿನ್‌ಎಕ್ಸ್‌ನ ಪೋರ್ಟ್ ಅನ್ನು ಎರಡು ಲೋಡ್ ಬ್ಯಾಲೆನ್ಸರ್‌ಗಳಿಗೆ ಮಾತ್ರ ತೆರೆಯಿರಿ. ನಾಳೆಗೆ ಇಡಬೇಡಿ, ಈಗಲೇ ಮಾಡಿ.

ಶುಲ್ಕ ಕೌಂಟರ್: ಮಾಡಿದೆ. ಈಗ ಅದೇ ಆದೇಶ ಉತ್ತರವಿಲ್ಲದೆ ನಿಂತೇ ಇದೆ.

ಹೊಸಬ: ಸಬ್‌ನೆಟ್ ಎಂದರೆ ಯಾವುದನ್ನು ಕೊಡಬೇಕು?